ನನ್ನ ಮದುವೆ ಖರ್ಚಿನ ಪುಸ್ತಕ ಸಿಕ್ಕಿದೆ: ಇದರಲ್ಲಿ ಯಾವುದು ಯಾರ ಕಣ್ಣಿಗೆ?

ಸುಮಾ, ವಿಜಯನಗರ

ಎಲ್ಲರಿಗೂ ನಮಸ್ಕಾರ. ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರ ಎಂ.ಎ. ಮಾಡುತ್ತಿದ್ದೇನೆ. ನಗರದ ಮಧ್ಯಮ ವರ್ಗದವರು ಅಂತಸ್ತು ತೋರಿಸುವುದಕ್ಕೆ ಮಾಡುವ ಖರ್ಚಿನ ಬಗ್ಗೆ ಒಂದು ಪ್ರಬಂಧ ಬರೆಯಬೇಕಾಗಿದೆ. ಕಾರು, ಫೋನು, ಫ್ಲಾಟು ಅಂತ ಎಲ್ಲರೂ ಬರೆಯುತ್ತಾರೆ. ಹೋದ ವಾರ ಅಮ್ಮನ ಬೀರು ಜೋಡಿಸುವಾಗ ಅಪ್ಪನ ಒಂದು ಉದ್ದ ಪುಸ್ತಕ ಸಿಕ್ಕಿತು. 2019ರಲ್ಲಿ ನಡೆದ ನನ್ನ ಮದುವೆಯ ಲೆಕ್ಕ! ಇದನ್ನೇ ಇಟ್ಟುಕೊಂಡು ಬರೆಯೋಣ ಅನ್ನಿಸಿದೆ.

ಅಪ್ಪ ನಿವೃತ್ತ ಸರ್ಕಾರಿ ನೌಕರರು, ಲೆಕ್ಕದಲ್ಲಿ ಬಹಳ ಶಿಸ್ತು. ಮಾತುಕತೆ ಮುಗಿದ ವಾರವೇ ನೀಲಿ ಇಂಕಿನಲ್ಲಿ ಅಂದಾಜು ಬರೆದಿದ್ದಾರೆ. ಆಮೇಲೆ ಬದಲಾಗಿದ್ದನ್ನೆಲ್ಲ ಹೊಡೆದುಹಾಕಿ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ತಾರೀಖಿನ ಸಮೇತ ಬರೆದಿದ್ದಾರೆ. ಒಡವೆ ಬಿಟ್ಟು ನೀಲಿ ಮೊತ್ತ 14,43,000 ರೂಪಾಯಿ. ಕೊನೆಯ ಮೊತ್ತ 18,60,000. ನಾಲ್ಕು ಲಕ್ಷದ ಮೇಲೆ ಏರಿದೆ. ಕಲ್ಯಾಣ ಮಂಟಪದ ಬಾಡಿಗೆ ಏರಿಲ್ಲ, ಅದು ಮೊದಲೇ ಮಾತಾಗಿತ್ತು. ಸೀರೆ ಬಟ್ಟೆ ಏರಿಲ್ಲ. ಏರಿದ್ದು ಇವು: ಅಡುಗೆ 5,10,000 ಇದ್ದದ್ದು 6,85,000 ಆಯಿತು. ಹೂವಿನ ಅಲಂಕಾರ 60,000 ಇದ್ದದ್ದು 2,10,000. ಫೋಟೋ 90,000ದಿಂದ 1,60,000. ಲಗ್ನಪತ್ರಿಕೆ, ತಾಂಬೂಲದ ಚೀಲ ಎರಡೂ ಹೆಚ್ಚುಕಡಿಮೆ ದುಪ್ಪಟ್ಟು.

ಇಳಿದಿರುವುದು ಒಂದೇ ಬಾಬ್ತು. ಊರಿಂದ ಬಂದವರಿಗೆ ಅಂತ ಬರೆದಿದ್ದ ಲಾಡ್ಜ್ ರೂಮುಗಳಲ್ಲಿ ಅರ್ಧ ಹೊಡೆದುಹಾಕಿ, 'ಮಂಟಪದಲ್ಲೇ ಹಾಸಿಗೆ' ಅಂತ ಬರೆದಿದ್ದಾರೆ.

12,60,000 ಅಪ್ಪನ ಉಳಿತಾಯ. ಉಳಿದ 6 ಲಕ್ಷ ಸಾಲ, ಶೇಕಡಾ 14ರ ಬಡ್ಡಿ, ಮೂರು ವರ್ಷ ತಿಂಗಳಿಗೆ ಸುಮಾರು 20,500 ಕಂತು. ಪಿಂಚಣಿಯಲ್ಲಿ.

ನನ್ನ ಪ್ರಶ್ನೆ ಇಷ್ಟೇ. ಈ ಕೆಂಪು ಇಂಕಿನ ಖರ್ಚೆಲ್ಲ ಯಾರು ನೋಡಲಿ ಅಂತ ಆಗಿದ್ದು? ಇದನ್ನು ಲೆಕ್ಕ ಹಾಕಿ ಹೇಳುವ ದಾರಿ ಏನಾದರೂ ಇದೆಯಾ, ಅಥವಾ ಸುಮ್ನೆ ನಮ್ಮ ಊಹೆಯಾ?

ಪ್ರಕಾಶ್ ಆರ್.

ಮೇಡಂ, ನಿಮ್ಮ ತಂದೆಯವರು ಪರ್ಸನಲ್ ಲೋನ್ ತೆಗೆದುಕೊಂಡಿದ್ದೇ ತಪ್ಪು. ಮನೆಯಲ್ಲಿ ಒಡವೆ ಇತ್ತಲ್ಲ? ಅದನ್ನು ಇಟ್ಟು ಗೋಲ್ಡ್ ಲೋನ್ ತೆಗೆದುಕೊಂಡಿದ್ದರೆ ಬಡ್ಡಿ ಕಡಿಮೆ ಆಗುತ್ತಿತ್ತು. ಈಗಲೂ ಬಾಕಿ ಇದ್ದರೆ ವರ್ಗಾಯಿಸಿಕೊಳ್ಳಬಹುದು.

ಸುಮಾ, ವಿಜಯನಗರ

ಪ್ರಕಾಶ್ ಅವರೇ, ಸಾಲ ತೀರಿ ವರ್ಷಗಳಾದವು. ಪ್ರಶ್ನೆ ಅದಲ್ಲ. ಅಲ್ಲದೆ, ಆ ಒಡವೆ ಮದುವೆ ದಿನ ನನ್ನ ಕತ್ತಿನಲ್ಲಿ ಇರಬೇಕಿತ್ತಲ್ವಾ!

ಕಿರಣ್, ಜೆ.ಪಿ. ನಗರ

ಇದರಲ್ಲಿ ಕಷ್ಟದ್ದೇನಿದೆ? ದೊಡ್ಡ ಶ್ರೀಮಂತರು ಏನು ಮಾಡುತ್ತಾರೋ ಅದನ್ನು ಮಧ್ಯಮ ವರ್ಗ ಕಾಪಿ ಹೊಡೆಯುತ್ತದೆ. 2016ರಲ್ಲಿ ನೋಟು ರದ್ದಾದ ವಾರವೇ ಅರಮನೆ ಮೈದಾನದಲ್ಲಿ ಆ ಮದುವೆ ಆಯ್ತಲ್ಲ, ಪೆಟ್ಟಿಗೆ ತೆರೆದರೆ ಪರದೆ ಮೇಲೆ ವಿಡಿಯೋ ಓಡುವ ಲಗ್ನಪತ್ರಿಕೆ! ಆಮೇಲೆ ನಮ್ಮ ಕಸಿನ್ ಪತ್ರಿಕೆಯೂ ಪೆಟ್ಟಿಗೆಯಲ್ಲೇ ಬಂತು. ಅಮೆರಿಕದ ಅರ್ಥಶಾಸ್ತ್ರಜ್ಞ ವೆಬ್ಲೆನ್ 1899ರಲ್ಲೇ ಹೇಳಿದ್ದು ಇದನ್ನೇ: ಮೇಲಿನವರು ತೋರಿಸುತ್ತಾರೆ, ಕೆಳಗಿನವರು ಅನುಕರಿಸುತ್ತಾರೆ. ಈಗ ಇನ್‌ಸ್ಟಾಗ್ರಾಂ ಬಂದು ಇನ್ನೂ ಜಾಸ್ತಿ ಆಗಿದೆ. ಪ್ರಬಂಧ ಮುಗಿಯಿತು.

ರಾಮಸ್ವಾಮಿ, ಮೈಸೂರು (ನಿವೃತ್ತ ಉಪನ್ಯಾಸಕ)

ಕಿರಣ್, ಅರ್ಧ ಸರಿ. ವೆಬ್ಲೆನ್ ಹೇಳಿದ್ದು ಎಲ್ಲರೂ ತುತ್ತತುದಿಯವರನ್ನು ಅನುಕರಿಸುತ್ತಾರೆ ಅಂತಲ್ಲ. ಪ್ರತಿಯೊಬ್ಬನೂ ನೋಡುವುದು ತನಗಿಂತ ಒಂದು ಮೆಟ್ಟಿಲು ಮೇಲಿರುವವನನ್ನು. ಸುಮಾ ಅವರ ತಂದೆಗೆ ಅರಮನೆ ಮೈದಾನದ ಮದುವೆ ಲೆಕ್ಕಕ್ಕೇ ಇಲ್ಲ. ಅದು ಅವರಿಗೆ ಟಿವಿ ಸುದ್ದಿ ಅಷ್ಟೆ. ಅವರಿಗೆ ಚುಚ್ಚುವುದು ಆಫೀಸಿನ ಸೂಪರಿಂಟೆಂಡೆಂಟ್ ಮಗಳ ಮದುವೆ.

ಆದರೆ ವೆಬ್ಲೆನ್ ಇನ್ನೊಂದು ಮಾತು ಹೇಳಿದ್ದಾನೆ, ಅದನ್ನು ಯಾರೂ ಎತ್ತುವುದಿಲ್ಲ. ಹಳ್ಳಿಗಿಂತ ಪಟ್ಟಣದಲ್ಲಿ ತೋರಿಕೆಯ ಖರ್ಚು ಯಾಕೆ ಜಾಸ್ತಿ ಅಂತ ಕೇಳಿಕೊಂಡು ಕೊಡುವ ಉತ್ತರ ಅದು. ಹಳ್ಳಿಯಲ್ಲಿ ನಿನ್ನ ಹತ್ತಿರ ಎಷ್ಟಿದೆ ಅನ್ನುವುದು ಅಕ್ಕಪಕ್ಕದವರ ಬಾಯಲ್ಲೇ ಊರೆಲ್ಲ ಹರಡಿರುತ್ತದೆ. ಅಲ್ಲಿ ಉಳಿತಾಯ ಮಾಡಿದರೂ ಮರ್ಯಾದೆ ಬರುತ್ತದೆ, ಯಾಕೆಂದರೆ ಉಳಿಸಿದ್ದು ಎಲ್ಲರಿಗೂ ಗೊತ್ತು. ಪಟ್ಟಣದಲ್ಲಿ ನಿನ್ನನ್ನು ನೋಡುವವನಿಗೆ ನಿನ್ನ ಪಾಸ್‌ಬುಕ್ ಕಾಣುವುದಿಲ್ಲ, ಅಂಗಿ ಕಾಣುತ್ತದೆ.

ಇದಕ್ಕೆ ಅವನು ಕೊಡುವ ಉದಾಹರಣೆ ಅಚ್ಚುಕೂಟದ ಕೆಲಸಗಾರರು. ಮೊಳೆ ಜೋಡಿಸುವ ಕೆಲಸ ಕಲಿತವನಿಗೆ ಯಾವ ಊರಿನಲ್ಲೂ ಕೆಲಸ ಸಿಗುತ್ತಿತ್ತು, ಸಂಬಳವೂ ಬೇರೆಯವರಿಗಿಂತ ಚೆನ್ನಾಗಿತ್ತು. ಹಾಗಾಗಿ ಅವರು ಊರೂರು ಸುತ್ತುತ್ತಿದ್ದರು. ಹೋದಲ್ಲೆಲ್ಲ ಹೊಸ ಮುಖ. ಹೊಸಬರ ನಡುವೆ ಬೇಗ ಹೆಸರು ಮಾಡಬೇಕಲ್ಲ, ಅದಕ್ಕೇ ಜೊತೆಯವರಿಗೆಲ್ಲ ಕುಡಿಸುವುದು, ಸೇದಿಸುವುದು. ಚಟ ಅಂತ ಊರವರು ಬೈದರು. ವೆಬ್ಲೆನ್ ಅದನ್ನು ಅಪರಿಚಿತರ ನಡುವೆ ಬದುಕುವವನ ಲೆಕ್ಕಾಚಾರ ಅಂತ ಓದಿದ.

ನವೀನ್ (ಸಾಫ್ಟ್‌ವೇರ್)

ಮೇಷ್ಟ್ರೇ, ಅಚ್ಚುಕೂಟ ತೆಗೆದು ನಮ್ಮ ಕಂಪನಿ ಹಾಕಿ, ಒಂದಕ್ಷರ ಬದಲಾಗುವುದಿಲ್ಲ. ಆರು ವರ್ಷದಲ್ಲಿ ನಾಲ್ಕು ಕಡೆ ಕೆಲಸ ಮಾಡಿದ್ದೇನೆ. ಪ್ರತಿ ಸಲ ಮೊದಲ ವಾರ ಎಲ್ಲರಿಗೂ ನಾನೇ ಬಿರಿಯಾನಿ ಕೊಡಿಸಿದ್ದೇನೆ. ಊರಿನಲ್ಲಿ ಅಪ್ಪನ ಹಳೇ ಸ್ಕೂಟರಿನಲ್ಲೇ ಓಡಾಡುತ್ತೇನೆ, ನಾಚಿಕೆ ಆಗಲ್ಲ. ಇಲ್ಲಿ ಅದೇ ಸ್ಕೂಟರನ್ನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸೋಕೆ ಆಗಲಿಲ್ಲ.

ಸುಮಾ, ವಿಜಯನಗರ

ಮೇಷ್ಟ್ರೇ, ಇಲ್ಲಿ ಒಂದು ತೊಡಕಿದೆ. ಮದುವೆಗೆ ಬಂದವರು ಅಪರಿಚಿತರಲ್ಲ. ಸುಮಾರು 700 ಜನ, ಅರ್ಧಕ್ಕಿಂತ ಜಾಸ್ತಿ ಚನ್ನರಾಯಪಟ್ಟಣ ಕಡೆಯ ನೆಂಟರು. ಅಪ್ಪನ ಸಂಬಳ ಎಷ್ಟು, ಪಿಂಚಣಿ ಎಷ್ಟು, ಊರಿನಲ್ಲಿ ಎಷ್ಟು ಗುಂಟೆ ತೆಂಗಿನ ತೋಟ ಉಳಿದಿದೆ, ಎಲ್ಲವೂ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರ ಮುಂದೆ 2 ಲಕ್ಷದ ಹೂವು ಹಾಕಿದರೆ ಅಪ್ಪ ಶ್ರೀಮಂತ ಅಂತ ಯಾರು ನಂಬುತ್ತಾರೆ? 'ಸಾಲ ಮಾಡಿದಾನೆ' ಅಂತ ಊಟದ ಪಂಕ್ತಿಯಲ್ಲೇ ಮಾತಾಡಿಕೊಂಡಿರುತ್ತಾರೆ.

ರಾಮಸ್ವಾಮಿ, ಮೈಸೂರು

ತಾಯಿ, ಒಳ್ಳೇ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಕರ್ನಾಟಕದ ಹಳ್ಳಿಗಳಿಂದಲೇ ಬಂದಿದೆ. ಫ್ರಾನ್ಸಿಸ್ ಬ್ಲೋಕ್, ವಿಜಯೇಂದ್ರ ರಾವ್, ಸೊನಾಲ್ಡೆ ದೇಸಾಯಿ ಅಂತ ಮೂವರು 2004ರಲ್ಲಿ ಒಂದು ಲೇಖನ ಪ್ರಕಟಿಸಿದರು. ಬಡ ಕುಟುಂಬಗಳು ಮಗಳ ಮದುವೆಗೆ ಯಾಕೆ ಇಷ್ಟು ಅದ್ದೂರಿ ಮಾಡುತ್ತವೆ ಅನ್ನುವುದು ಪ್ರಶ್ನೆ. ಅವರಿಗೂ ಇದೇ ತೊಡಕು ಎದುರಾಯಿತು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ಆಸ್ತಿ ಗೊತ್ತು, ಮತ್ತೆ ತೋರಿಸುವುದು ಏನನ್ನು?

ಅವರು ಕಂಡುಕೊಂಡಿದ್ದು ಹೀಗೆ. ಹೆಣ್ಣಿನ ಅಪ್ಪ ತೋರಿಸುತ್ತಿರುವುದು ತನ್ನ ದುಡ್ಡನ್ನಲ್ಲ. ತಾನು ಹಿಡಿದ ಸಂಬಂಧವನ್ನು. ಊರವರಿಗೆ ಅವನು ಗೊತ್ತು, ಬೀಗರು ಗೊತ್ತಿಲ್ಲ. 'ಎಂಥ ಮನೆಗೆ ಕೊಡುತ್ತಿದ್ದೇನೆ ನೋಡಿ' ಅಂತ ಬಾಯಲ್ಲಿ ಹೇಳಿದರೆ ಯಾರು ಬೇಕಾದರೂ ಹೇಳಬಹುದು. ಚಪ್ಪರ, ಊಟ, ವಾಲಗ ಜೋರಾಗಿದ್ದರೆ ಜನ ಅದರಿಂದ ಬೀಗರ ತೂಕವನ್ನು ಅಂದಾಜು ಮಾಡುತ್ತಾರೆ. ಈ ವಾದ ನಿಜವಾದರೆ ಒಂದು ಗುರುತು ಕಾಣಬೇಕಲ್ಲ? ಅದೇ ಊರಿನೊಳಗೆ ಮದುವೆ ಆದರೆ ಎರಡೂ ಮನೆ ಎಲ್ಲರಿಗೂ ಗೊತ್ತಿರುತ್ತದೆ, ಆಗ ಅದ್ದೂರಿ ಕಡಿಮೆ ಇರಬೇಕು. ಹೊರಗಿನ ಊರಿಗೆ, ಅದರಲ್ಲೂ ಮೇಲಿನ ಮನೆಗೆ ಕೊಟ್ಟರೆ ಜಾಸ್ತಿ ಇರಬೇಕು. ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಹಿಸಿದ ಮಾಹಿತಿ ಈ ಊಹೆಗೆ ಹೊಂದಿತು.

ಒಂದು ಎಚ್ಚರಿಕೆ. ಅದು ಹಳ್ಳಿಗಳ ಅಧ್ಯಯನ. ಬೆಂಗಳೂರಿಗೆ ಅದನ್ನು ಎಳೆದು ತಂದರೆ ಅದು ನಮ್ಮ ಊಹೆ, ಅವರ ಫಲಿತಾಂಶವಲ್ಲ. ಪ್ರಬಂಧದಲ್ಲಿ ಹಾಗೇ ಬರೆಯಿರಿ.

ನಿಮ್ಮ ಬೀಗರು ಯಾವ ಕಡೆಯವರು?

ಸುಮಾ, ವಿಜಯನಗರ

ಹುಬ್ಬಳ್ಳಿ! ನಮ್ಮ ನೆಂಟರಲ್ಲಿ ಒಬ್ಬರಿಗೂ ಅವರ ಗುರುತಿಲ್ಲ.

ಈಗ ಇನ್ನೊಂದು ನೆನಪಾಯಿತು. ನಮ್ಮ ಅತ್ತೆಯ ಮಗಳು 2017ರಲ್ಲಿ ಸೋದರಮಾವನನ್ನೇ ಮದುವೆಯಾದಳು. ಅವರು ನಮಗಿಂತ ಸ್ಥಿತಿವಂತರು. ಆದರೂ ಮದುವೆ ಊರ ದೇವಸ್ಥಾನದಲ್ಲಿ, ಊಟ ಪಕ್ಕದ ಶಾಲೆಯ ಮೈದಾನದಲ್ಲಿ. ಒಬ್ಬರೂ ಕೊಂಕು ನುಡಿಯಲಿಲ್ಲ. ಎರಡೂ ಕಡೆ ಒಂದೇ ಮನೆ, ತೋರಿಸೋದು ಯಾರಿಗೆ?

ಕೆಂಪು ಇಂಕಿನ ತಾರೀಖುಗಳನ್ನೂ ಮತ್ತೆ ನೋಡಿದೆ. ಹೂವಿನ ಬಾಬ್ತು ಬದಲಾಗಿದ್ದು ನಿಶ್ಚಿತಾರ್ಥ ಮುಗಿದ ನಾಲ್ಕನೇ ದಿನ.

ಶೈಲಜಾ

ಸ್ವಲ್ಪ ನಿಲ್ಲಿ. ಇದೆಲ್ಲ ಅಂದವಾಗಿ ಕೂತುಕೊಂಡಿತು ಅಂತ ಖುಷಿ ಪಡಬೇಡಿ. ಇದೇ ಪುಸ್ತಕವನ್ನು ಬೇರೆ ರೀತಿಯಲ್ಲೂ ಓದಬಹುದು. ಗಂಡಿನ ಕಡೆಯವರು ಕೇಳಿದರು, ಹೆಣ್ಣಿನ ಕಡೆಯವರು ಮಾಡಿದರು. 'ನಮಗೇನೂ ಬೇಡ, ಮದುವೆ ಚೆನ್ನಾಗಿ ಮಾಡಿಕೊಡಿ' ಅನ್ನುವ ಮಾತಿನ ಬೆಲೆ ಎಷ್ಟು ಲಕ್ಷ ಅಂತ ಹೆಣ್ಣು ಹೆತ್ತವರನ್ನು ಕೇಳಿ. ದೊಡ್ಡ ಮನೆಯ ಗಂಡು ಅಂದರೆ ದೊಡ್ಡ ಬೇಡಿಕೆ. ಹಾಗಿದ್ದರೂ ನಿಮ್ಮ ಲೆಕ್ಕದಲ್ಲಿ 'ಮೇಲಿನ ಮನೆಗೆ ಕೊಟ್ಟಾಗ ಖರ್ಚು ಜಾಸ್ತಿ' ಅಂತಲೇ ಬರುತ್ತದೆ. ಅದು ತೋರಿಕೆಯಲ್ಲ, ಒತ್ತಾಯ. ನಮ್ಮ ಅಪ್ಪನ ಖರ್ಚನ್ನು ಯಾರಾದರೂ ಶೋಕಿ ಅಂದರೆ ನನಗೆ ಸಿಟ್ಟು ಬರುತ್ತದೆ.

ರಾಮಸ್ವಾಮಿ, ಮೈಸೂರು

ಒಪ್ಪುತ್ತೇನೆ. ಎರಡನ್ನೂ ಬೇರೆ ಮಾಡುವುದು ಸುಲಭವಲ್ಲ. ಒಂದು ದಾರಿ ಅಂದರೆ ಬೀಗರು ಬಾಯಿಬಿಟ್ಟು ಕೇಳಿದ್ದು ಯಾವುದು, ಕೇಳದೇ ಸೇರಿದ್ದು ಯಾವುದು ಅಂತ ಪಟ್ಟಿ ಮಾಡುವುದು. ಬಾಯಿಬಿಡದೆಯೂ ಕೇಳಬಹುದು ಅಂತ ನೀವು ಹೇಳುತ್ತೀರಿ. ಅದೂ ನಿಜ.

ಸುಮಾ, ವಿಜಯನಗರ

ಅಮ್ಮನನ್ನು ಕೇಳಿದೆ. ಅವರು ಕೇಳಿದ್ದು ಎರಡೇ: ಹುಬ್ಬಳ್ಳಿಯಿಂದ ಬರುವವರಿಗೆ ಬಸ್ಸು, ಮತ್ತೆ ಊಟದಲ್ಲಿ ಜೋಳದ ರೊಟ್ಟಿ. ಎರಡೂ ನೀಲಿ ಇಂಕಿನಲ್ಲೇ ಇವೆ. ಹಾಗಂತ ಶೈಲಜಕ್ಕನ ಮಾತು ಸುಳ್ಳಾಗುವುದಿಲ್ಲ. ನಮ್ಮ ಮನೆಯ ವಿಷಯ ಮಾತ್ರ ಹೇಳುತ್ತಿದ್ದೇನೆ.

ಮಂಜುನಾಥ (ಅಡುಗೆ ಗುತ್ತಿಗೆ)

ನಾನು 22 ವರ್ಷದಿಂದ ಮದುವೆ ಅಡುಗೆ ಮಾಡಿಸುತ್ತಿದ್ದೇನೆ. ಓದಿದವರ ವಿಷಯ ನನಗೆ ಗೊತ್ತಿಲ್ಲ, ಅಡುಗೆ ಬಾಬ್ತು ಹೇಗೆ ಏರುತ್ತದೆ ಅಂತ ಹೇಳುತ್ತೇನೆ.

ಮೊದಲ ಸಲ ಬಂದಾಗ ಪಾರ್ಟಿ ಕೇಳುವುದು 'ಎಲೆಗೆ ಎಷ್ಟು?' ಅಂತ. ಒಂದು ದರ ಹೇಳುತ್ತೇವೆ, ಇಷ್ಟು ಎಲೆ ಗ್ಯಾರಂಟಿ ಅಂತ ಬರೆಸಿಕೊಳ್ಳುತ್ತೇವೆ. ಒಂದು ತಿಂಗಳು ಬಿಟ್ಟು ಮತ್ತೆ ಬರುತ್ತಾರೆ, ಫೋನಿನಲ್ಲಿ ಇನ್ಯಾರದೋ ಮದುವೆಯ ಎಲೆಯ ಫೋಟೋ ಹಿಡಿದುಕೊಂಡು. 'ಇದಕ್ಕಿಂತ ಎರಡು ಐಟಂ ಜಾಸ್ತಿ ಇರಲಿ.' ನಾವು ಚಿರೋಟಿ ಬಾದಾಮಿ ಹಾಲು ಸೇರಿಸುತ್ತೇವೆ, ಚಾಟ್ಸ್ ಕೌಂಟರ್, ಪಾನ್ ಕೌಂಟರ್ ಹಾಕುತ್ತೇವೆ. ದರ ಏರುತ್ತದೆ. ಆಗ ಪಾರ್ಟಿ ಚೌಕಾಸಿ ಮಾಡುತ್ತಾರೆ. ಐಟಂ ತೆಗೆಯೋಣ ಅಂದರೆ ಒಪ್ಪಲ್ಲ, ದರ ಇಳಿಸಿ ಅಂತಾರೆ. ಆಮೇಲೆ ಗುತ್ತಿಗೆದಾರ ಏನು ಮಾಡುತ್ತಾನೆ? ಕಾಣದ ಜಾಗದಲ್ಲಿ ಹಿಡಿಯುತ್ತಾನೆ. ಒಬ್ಬಟ್ಟಿಗೆ ಹಾಕುವ ತುಪ್ಪ, ತಿಳಿಸಾರಿನ ಬೇಳೆ, ಕೋಸಂಬರಿಯ ದಾಳಿಂಬೆ. ಎಲೆ ತುಂಬಿರುತ್ತದೆ, ಸಾರು ನೀರಾಗಿರುತ್ತದೆ. ನಾನು ಬೇರೆಯವರ ಮದುವೆಗೆ ಹೋದರೆ ಮೊದಲು ಸಾರು ಕುಡಿದು ನೋಡುತ್ತೇನೆ. ಆ ಮನೆಯವರು ಎಲ್ಲಿ ಹಿಂಡಿದ್ದಾರೆ ಅಂತ ಅದರಲ್ಲೇ ಗೊತ್ತಾಗಿಬಿಡುತ್ತದೆ.

ತಿನ್ನುವವರಿಗೆ 30 ಐಟಂ ಬೇಡ. 12 ಆದಮೇಲೆ ಕೈ ನಿಧಾನ ಆಗುತ್ತದೆ. ಎಲೆ ಎತ್ತುವ ಹುಡುಗರನ್ನು ಕೇಳಿ, ಯಾವುದು ಮುಟ್ಟದೇ ಬರುತ್ತದೆ ಅಂತ ಅವರು ಹೇಳುತ್ತಾರೆ.

ರಾಮಸ್ವಾಮಿ, ಮೈಸೂರು

ಮಂಜಣ್ಣ, ನೀವು ಹೇಳಿದ್ದರ ತೂಕದ ಲೆಕ್ಕವೂ ಇದೆ. 2012ರ ಸುಮಾರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ನಗರದ ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ಮಾಡಿ, ವರ್ಷಕ್ಕೆ ಸುಮಾರು 943 ಟನ್ ಒಳ್ಳೆಯ ಊಟ ವ್ಯರ್ಥ ಆಗುತ್ತಿದೆ ಅಂದಿದ್ದರು.

ಸುಮಾ ಅವರ 'ಲೆಕ್ಕ ಹಾಕುವ ದಾರಿ ಇದೆಯಾ' ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಓರಿ ಹೆಫೆಟ್ಜ್ ಅನ್ನುವ ಅರ್ಥಶಾಸ್ತ್ರಜ್ಞ ಅಮೆರಿಕದಲ್ಲಿ ಜನರಿಗೆ ಒಂದು ಸರಳ ಪ್ರಶ್ನೆ ಕೇಳಿದ. ನಿಮಗೆ ಹೊಸದಾಗಿ ಪರಿಚಯವಾದ ಒಂದು ಮನೆಯವರು ಒಂದು ಬಾಬ್ತಿಗೆ ಎಲ್ಲರಿಗಿಂತ ಜಾಸ್ತಿ ಖರ್ಚು ಮಾಡುತ್ತಾರೆ ಅಂದುಕೊಳ್ಳಿ, ಅದು ನಿಮ್ಮ ಗಮನಕ್ಕೆ ಬರಲು ಎಷ್ಟು ದಿನ ಬೇಕು? ಕಾರು, ಬಟ್ಟೆ ಬೇಗ ಕಣ್ಣಿಗೆ ಬೀಳುವವು. ವಿಮೆ, ಒಳಉಡುಪು ಕೊನೆಯಲ್ಲಿ. ನಿಮ್ಮ ಪುಸ್ತಕದ ಒಂದೊಂದು ಸಾಲಿಗೂ ಇದೇ ಪ್ರಶ್ನೆ ಹಾಕಿ ನೋಡಿ: ಅಪ್ಪ ಇದಕ್ಕೆ ಅರ್ಧ ಖರ್ಚು ಮಾಡಿದ್ದರೆ ಬಂದವರಿಗೆ ಗೊತ್ತಾಗುತ್ತಿತ್ತಾ? ಬೇಗ ಕಾಣುವವು ಏರಿ, ಕಾಣದವು ಇಳಿದಿದ್ದರೆ ಅದು ಬರೀ ಖುಷಿಗೆ ಮಾಡಿದ ಖರ್ಚಲ್ಲ ಅಂತ ಅನುಮಾನಿಸಬಹುದು. ಖುಷಿಗೆ ಮಾಡಿದ್ದರೆ ನೆಂಟರು ಮಲಗುವ ರೂಮನ್ನು ಯಾಕೆ ಹೊಡೆದುಹಾಕುತ್ತಿದ್ದರು?

ಸುಮಾ, ವಿಜಯನಗರ

ಕೂತು ಎಲ್ಲ ಸಾಲಿಗೂ ಹಾಕಿ ನೋಡಿದೆ. ಹೂವು, ಪತ್ರಿಕೆ, ಎಲೆಯ ಐಟಂಗಳು, ತಾಂಬೂಲದ ಚೀಲ: ಬಾಗಿಲಲ್ಲೇ, ಕೈಯಲ್ಲೇ ಗೊತ್ತಾಗುವವು. ಎಲ್ಲವೂ ಏರಿವೆ. ಫೋಟೋ ಮಾತ್ರ ಎಲ್ಲಿ ಹಾಕಬೇಕೋ ತಿಳಿಯಲಿಲ್ಲ. ಅವತ್ತು ಯಾರಿಗೂ ಕಾಣಲಿಲ್ಲ, ಆಮೇಲೆ ಬರದಿದ್ದವರಿಗೂ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಾಣಿಸಿತು.

ಆಮೇಲೆ ಪುಸ್ತಕದ ಹಿಂದಿನ ಪುಟಗಳನ್ನು ತಿರುಗಿಸಿದೆ. ಅಲ್ಲಿ ಅಪ್ಪ ಮನೆಯ ವರ್ಷದ ಖರ್ಚು ಬರೆಯುತ್ತಾರೆ. ಕಂದಾಯ, ನೀರು, ಊರಿನ ದೇವಸ್ಥಾನದ ವಂತಿಗೆ ಎಲ್ಲ ಕಟ್ಟಿದ ತಾರೀಖು ಇದೆ. ಆರೋಗ್ಯ ವಿಮೆ ಅಂತ ಬರೆದ ಮುಂದೆ 2017ಕ್ಕೂ 2018ಕ್ಕೂ ತಾರೀಖಿದೆ. 2019ರ ಮುಂದೆ ಒಂದು ಅಡ್ಡ ಗೆರೆ.

ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ.

ಶೈಲಜಾ

ಅಯ್ಯೋ. ಇದನ್ನು ಪ್ರಬಂಧದಲ್ಲಿ ಹಾಕುವ ಮುಂಚೆ ಅಪ್ಪನನ್ನು ಒಂದು ಮಾತು ಕೇಳಿ.

ಒಡವೆಯನ್ನು ಲೆಕ್ಕದಿಂದ ಹೊರಗಿಟ್ಟಿದ್ದು ಸರಿ ಅನ್ನಿಸಿತು. ಅದು ಕಣ್ಣಿಗೂ ಕಾಣುತ್ತದೆ, ಕಷ್ಟಕ್ಕೂ ಆಗುತ್ತದೆ. ಆದರೆ ಈಗ ಅದೂ ಬದಲಾಗಿದೆ. ನನ್ನ ತಂಗಿ ಮದುವೆಯಲ್ಲಿ ಮೈತುಂಬ ಹಾಕಿಕೊಂಡಿದ್ದ ಸೆಟ್ಟು ಬಾಡಿಗೆಯದ್ದು, ನಿಜವಾದದ್ದು ತಾಳಿ ಸರ ಒಂದೇ. ಒಂದು ಗ್ರಾಂ ಗೋಲ್ಡ್ ಬಂದಮೇಲೆ ಎರಡಡಿ ದೂರದಿಂದ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಜನ ಒಡವೆ ನೋಡಿ ನಂಬುವುದನ್ನೇ ಬಿಟ್ಟಿದ್ದಾರೆ. 'ಬಾಡಿಗೆಯದ್ದಾ?' ಅಂತ ನೇರ ಕೇಳುತ್ತಾರೆ! ಒಂದು ಮಟ್ಟಿಗೆ ಅದಕ್ಕೇ ಖರ್ಚೆಲ್ಲ ಮಂಟಪ, ಹೂವು, ಊಟದ ಕಡೆ ತಿರುಗಿತೇನೋ. 700 ಜನರ ಊಟವನ್ನು ನಕಲಿ ಮಾಡಲು ಆಗುವುದಿಲ್ಲವಲ್ಲ.

ಮಂಜುನಾಥ (ಅಡುಗೆ ಗುತ್ತಿಗೆ)

ಹೂವನ್ನು ಮಾಡಬಹುದು ಅಕ್ಕ. ಹಿಂದಿನ ಪರದೆಯ ಅರ್ಧ ಹೂವು ಬಟ್ಟೆಯದ್ದು. ಮುಂದೆ ಕೈಗೆಟಕುವ ಕಡೆ ಮಾತ್ರ ನಿಜವಾದದ್ದು ಚುಚ್ಚುತ್ತಾರೆ. ಆರತಕ್ಷತೆ ಮುಗಿದು ಕೊನೇ ಪಂಕ್ತಿ ಏಳುವಾಗ ರಾತ್ರಿ ಒಂದು ಗಂಟೆ. ಹೂವಿನವರ ಹುಡುಗರು ಆಗಲೇ ಏಣಿ ಹಾಕಿ ಬಿಚ್ಚುತ್ತಿರುತ್ತಾರೆ. ಬಟ್ಟೆ ಹೂವು ಪ್ಲಾಸ್ಟಿಕ್ ಕ್ರೇಟಿಗೆ ಹೋಗುತ್ತದೆ. ಬೆಳಗಿನ ಮುಹೂರ್ತಕ್ಕೆ ಅದೇ ಮಂಟಪಕ್ಕೆ ಬಾಳೆಕಂಬ, ಚೆಂಡುಹೂವು. ಆ ಕ್ರೇಟು ಸಂಜೆಗೆ ಬೇರೆ ಮಂಟಪದಲ್ಲಿರುತ್ತದೆ.

ವೆಂಕಟೇಶ್, ತುಮಕೂರು

ಇದನ್ನೆಲ್ಲ ಓದಿ ಬೇಜಾರಾಯಿತು. ನಮ್ಮ ಹಿಂದಿನವರು ಎಷ್ಟು ಸರಳವಾಗಿ ಮದುವೆ ಮಾಡುತ್ತಿದ್ದರು. ಮನೆ ಮುಂದೆ ಚಪ್ಪರ, ಹೆಸರುಬೇಳೆ ಪಾಯಸ, ಮುಗೀತು. ಈ ರೋಗ ಪಟ್ಟಣದ್ದು. ಸರ್ಕಾರ ಕಾನೂನು ತಂದು ನೂರು ಜನಕ್ಕಿಂತ ಜಾಸ್ತಿ ಸೇರಬಾರದು ಅನ್ನಬೇಕು.

ರಾಮಸ್ವಾಮಿ, ಮೈಸೂರು

ವೆಂಕಟೇಶ್, ಹಿಂದಿನ ಮದುವೆ ಸರಳ ಆಗಿರಲಿಲ್ಲ. ನಮ್ಮ ಅಜ್ಜಿಯ ಮದುವೆ ಐದು ದಿನ. ವ್ಯತ್ಯಾಸ ಇದ್ದದ್ದು ಖರ್ಚು ಯಾರ ತಲೆಯ ಮೇಲೆ ಬೀಳುತ್ತಿತ್ತು ಅನ್ನುವುದರಲ್ಲಿ. ಮುಯ್ಯಿ ಪುಸ್ತಕ ನೆನಪಿದೆಯಾ? ಚಪ್ಪರದ ಮೂಲೆಯಲ್ಲಿ ಒಬ್ಬರು ಕೂತು ಯಾರು ಎಷ್ಟು ಕೊಟ್ಟರು ಅಂತ ಬರೆಯುತ್ತಿದ್ದರು. ನಾಳೆ ಅವರ ಮನೆಯ ಮದುವೆಗೆ ಅಷ್ಟೇ, ಅಥವಾ ಒಂದು ರೂಪಾಯಿ ಜಾಸ್ತಿ, ವಾಪಸ್ ಹೋಗಬೇಕು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಆಳು, ಎಲ್ಲವೂ ಹಾಗೇ ಬರುತ್ತಿದ್ದವು. ಒಂದು ಥರ ಊರಿನ ಚೀಟಿ.

ಪಟ್ಟಣದವರು ಪತ್ರಿಕೆಯ ಕೆಳಗೆ 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸಲು ಶುರು ಮಾಡಿದರು. ಓದುವುದಕ್ಕೆ ದೊಡ್ಡತನ. ನಿಜಕ್ಕೂ ಅದು 'ನಮಗೆ ನಿಮ್ಮ ಮುಯ್ಯಿ ಬೇಕಾಗಿಲ್ಲ, ಅಷ್ಟು ಅನುಕೂಲವಾಗಿದ್ದೇವೆ' ಅನ್ನುವ ಘೋಷಣೆ. ಆ ಒಂದು ಸಾಲಿನಿಂದ ಇಡೀ ಖರ್ಚು ಒಬ್ಬ ಅಪ್ಪನ ತಲೆಗೆ ಬಂತು. ಪತ್ರಿಕೆಯಲ್ಲಿ ಅತಿ ದುಬಾರಿ ಸಾಲು ಯಾವುದು ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಇದು ನನ್ನ ಅನಿಸಿಕೆ, ಅಧ್ಯಯನವಲ್ಲ.

ನವೀನ್ (ಸಾಫ್ಟ್‌ವೇರ್)

ವೆಂಕಟೇಶಣ್ಣ, ನೀವು ಹೇಳಿದ ಕಾನೂನು ಒಂದು ಸಲ ಬಂದಿತ್ತು. 2020ರಲ್ಲಿ ಕೊರೋನಾ ಟೈಮಲ್ಲಿ ಮದುವೆಗೆ 50 ಜನ ಅಂತ ಮಿತಿ ಇತ್ತಲ್ಲ, ನನ್ನ ಮದುವೆ ಆಗಿದ್ದು ಆಗಲೇ. ಮನೆ ಟೆರೇಸಿನಲ್ಲಿ ಶಾಮಿಯಾನ, ಎಲ್ಲ ಸೇರಿ 2 ಲಕ್ಷದೊಳಗೆ ಮುಗಿಯಿತು. ಒಬ್ಬರೂ ನಮ್ಮನ್ನು ಕಡಿಮೆ ಅಂದುಕೊಳ್ಳಲಿಲ್ಲ, ಯಾಕೆಂದರೆ ಎಲ್ಲರದ್ದೂ ಅಷ್ಟೇ. ನಮ್ಮಪ್ಪ ಅಷ್ಟು ನಿರಾಳವಾಗಿದ್ದದ್ದು ನಾನು ನೋಡೇ ಇಲ್ಲ.

ಆದರೆ ಮುಂದಿನದ್ದೂ ಕೇಳಿ. 2022ರಲ್ಲಿ ತಮ್ಮನ ಮದುವೆ ಬಂತು. 'ದೊಡ್ಡವನ ಮದುವೆಗೆ ಕರೆಯಲಿಲ್ಲ' ಅಂತ ಎರಡು ವರ್ಷ ಇಟ್ಟುಕೊಂಡಿದ್ದ ನೆಂಟರನ್ನೆಲ್ಲ ಸೇರಿಸಿ 1,100 ಎಲೆ ಬಿತ್ತು. ನನ್ನದರಲ್ಲಿ ಉಳಿದದ್ದು ಅವನದ್ದರಲ್ಲಿ ಹೋಯಿತು.

ಕಿರಣ್, ಜೆ.ಪಿ. ನಗರ

ಮಂತ್ರಮಾಂಗಲ್ಯ ಮಾಡಿಕೊಂಡರೆ ಆಯ್ತಲ್ಲ. ಕುವೆಂಪು 1966ರಲ್ಲೇ ಮಗ ತೇಜಸ್ವಿಯ ಮದುವೆ ಹಾಗೆ ಮಾಡಿ ತೋರಿಸಿದ್ದಾರೆ. ನನ್ನ ಸ್ನೇಹಿತರಲ್ಲಿ ಇಬ್ಬರು ಮಾಡಿಕೊಂಡರು. ಎಲ್ಲರೂ ಹೊಗಳಿದರು.

ಶೈಲಜಾ

ಆ ಇಬ್ಬರು ಏನು ಕೆಲಸ ಮಾಡುತ್ತಾರೆ ಕಿರಣ್?

ಕಿರಣ್, ಜೆ.ಪಿ. ನಗರ

ಒಬ್ಬ ಕಾಲೇಜು ಲೆಕ್ಚರರ್, ಇನ್ನೊಬ್ಬ ಡಾಕ್ಟರ್. ಯಾಕೆ?

ಶೈಲಜಾ

ಡಾಕ್ಟರ್ ಸರಳವಾಗಿ ಮದುವೆಯಾದರೆ ಆದರ್ಶ. ನಮ್ಮ ಬೀದಿಯ ಆಟೋ ಓಡಿಸುವವರ ಮಗಳು ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಬಂದಳು. ಜನ ಏನಂದರು ಗೊತ್ತಾ? 'ಪಾಪ, ಕೈಲಾಗಲಿಲ್ಲ.' ಇನ್ನೂ ಕೆಲವರು 'ಏನೋ ಅವಸರ ಇರಬೇಕು' ಅಂದರು. ಕೈಯಲ್ಲಿ ಇದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿರುವವನಿಗೆ ಮಾತ್ರ ಸರಳತೆಯ ಹೊಗಳಿಕೆ ಸಿಗುವುದು. ಹಾಗಂತ ಅದನ್ನು ಬಿಡಿ ಅಂತ ಹೇಳುತ್ತಿಲ್ಲ. ಎಲ್ಲರಿಗೂ ಅದರ ಬೆಲೆ ಒಂದೇ ಅಲ್ಲ, ಅಷ್ಟೆ.

ಕಿರಣ್, ಜೆ.ಪಿ. ನಗರ

ಹೀಗೆ ಹೊರಟರೆ ಏನು ಮಾಡಿದರೂ ತೋರಿಕೆಯೇ ಆಗುತ್ತದೆ. ಕುವೆಂಪು ಅವರದ್ದೂ ತೋರಿಕೆನಾ? ನಾನು ಒಪ್ಪಲ್ಲ.

ರಾಮಸ್ವಾಮಿ, ಮೈಸೂರು

ಇಬ್ಬರ ಮಾತಿನಲ್ಲೂ ಹುರುಳಿದೆ. ಮಾಡುವವನ ಮನಸ್ಸಿನಲ್ಲಿ ಏನಿದೆ ಅನ್ನುವುದು ಬೇರೆ, ನೋಡುವವರು ಅದನ್ನು ಹೇಗೆ ಓದುತ್ತಾರೆ ಅನ್ನುವುದು ಬೇರೆ. ಕೆಂಪು ಇಂಕಿನಿಂದ ಎರಡನೆಯದನ್ನು ಸ್ವಲ್ಪ ಮಟ್ಟಿಗೆ ಹಿಡಿಯಬಹುದು. ಮೊದಲನೆಯದಕ್ಕೆ ಮನುಷ್ಯನನ್ನೇ ಕೇಳಬೇಕು.

ಸುಮಾ, ವಿಜಯನಗರ

ಕೇಳಿದೆ. ನಿನ್ನೆ ರಾತ್ರಿ ಊಟ ಆದಮೇಲೆ ಪುಸ್ತಕ ಮುಂದಿಟ್ಟೆ.

ವಿಮೆಯ ಗೆರೆಯ ಬಗ್ಗೆ ಅಪ್ಪ ಹೆಚ್ಚು ಮಾತಾಡಲಿಲ್ಲ. 'ಆ ವರ್ಷ ಏನೂ ಆಗಲಿಲ್ಲವಲ್ಲ' ಅಂದರು. ಹೂವಿನ ಬಗ್ಗೆ ಕೇಳಿದಾಗ ನಕ್ಕರು. 'ನಿನ್ನ ಮಾವನ ಮನೆಯವರಿಗೆ ಅಂತ ಮಾಡಲಿಲ್ಲ ಕಣಮ್ಮ. ನಿಮ್ಮ ದೊಡ್ಡಪ್ಪ ನಿಶ್ಚಿತಾರ್ಥದ ದಿನ ಎಲ್ಲರ ಮುಂದೆ, ಹುಬ್ಬಳ್ಳಿಯೋರು ಯಾರೋ ಏನೋ, ನೋಡಿ ಮಾಡಿದೆಯೇನಪ್ಪಾ ಅಂದ. ಅದಾದ ಮೇಲೆ ಹೂವಿನವನಿಗೆ ಫೋನ್ ಮಾಡಿದೆ.' ಮೇಷ್ಟ್ರು ಹೇಳಿದ್ದು ಅಕ್ಷರಶಃ ಇದೇ ಅಲ್ವಾ? ಆದರೆ ಶೈಲಜಕ್ಕ, ರೂಮು ಹೊಡೆದುಹಾಕಿದ್ದು ಯಾಕೆ ಅಂದರೆ ಅದಕ್ಕೆ ಅವರ ಉತ್ತರ ಬೇರೆ: ನೆಂಟರೆಲ್ಲ ಒಂದೇ ಕಡೆ ಮಲಗಿದರೆ ಮದುವೆ ಮನೆ ಥರ ಇರುತ್ತದೆ ಅಂತ. ಅದನ್ನು ನಂಬಬೇಕೋ ಬೇಡವೋ ಇನ್ನೂ ಗೊತ್ತಾಗಿಲ್ಲ. ಪ್ರಬಂಧದಲ್ಲಿ ಎರಡನ್ನೂ ಬರೆಯುತ್ತೇನೆ.

ಬೆಳಿಗ್ಗೆ ದೊಡ್ಡಪ್ಪನಿಗೂ ಫೋನ್ ಮಾಡಿದ್ದೆ. ನನ್ನ ಮದುವೆಯ ಸ್ಟೇಜಿನ ಹೂವು ನೆನಪಿದೆಯಾ ಅಂತ ಕೇಳಿದೆ. ಆಗ ಅವರಿಗೆ ಕಣ್ಣಿನ ಪೊರೆಯಂತೆ, ಆಪರೇಷನ್ ಆಗಿರಲಿಲ್ಲವಂತೆ. ಸ್ಟೇಜ್ ಹತ್ತಲೇ ಇಲ್ಲವಂತೆ.

ಮಂಜುನಾಥ (ಅಡುಗೆ ಗುತ್ತಿಗೆ)

ಊಟದ ಬಗ್ಗೆ ಏನಂದರು?

ಸುಮಾ, ವಿಜಯನಗರ

ಸಾರು ತೆಳ್ಳಗಿತ್ತಂತೆ.